ಒಂದು ರೂಮು, ಒಂದು ರಾತ್ರಿ: ಅಸಲು ಎಷ್ಟು?

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮ ಲಾಡ್ಜಿನ ಒಂದು ರೂಮಿಗೆ, ಒಂದು ರಾತ್ರಿಗೆ ಅಸಲು ಎಷ್ಟು ಬೀಳುತ್ತದೆ? ಬಾಡಿಗೆ ಎಷ್ಟು ಅಂತ ನಾನು ಕೇಳುತ್ತಿಲ್ಲ. ಅದು ಕೌಂಟರಿನ ಹಿಂದೆ ಬೋರ್ಡಿನಲ್ಲೇ ಇರುತ್ತದೆ. ಅಸಲು ಎಷ್ಟು?

ಹಿಂದಿನ ಸಾಲಿನಿಂದ ಯಾರೋ ಐನೂರು ಅಂದರು. ಇಲ್ಲಿ ಎಂಟುನೂರು ಅಂತಿದ್ದಾರೆ. ಸಾವಿರದ ಮೇಲೆ ಅಂದವರೂ ಇದ್ದಾರೆ. ಒಂದೇ ಲಾಡ್ಜಿಗೆ ಈ ಮೂರೂ ಉತ್ತರ ಸರಿ ಇರಬಹುದು. ತೊಂದರೆ ಇರುವುದೇ ಅಲ್ಲಿ.

ಇಡೀ ಮಾತಿಗೆ ಒಂದೇ ಲಾಡ್ಜನ್ನು ಇಟ್ಟುಕೊಳ್ಳೋಣ. ಹೊಸಪೇಟೆ, ಬಸ್ ಸ್ಟ್ಯಾಂಡಿಗೆ ಹತ್ತಿರ, 16 ರೂಮು, ಎಲ್ಲ ನಾನ್ ಎಸಿ. ಕಟ್ಟಡ ಲೀಸಿನದು. ನಾನು ಲೆಕ್ಕ ಬರೆದ ಮೂರು ನಾಲ್ಕು ಲಾಡ್ಜುಗಳನ್ನು ಕಲಸಿ, ಸುಲಭವಾಗಲಿ ಅಂತ ಚಿಲ್ಲರೆ ಬಿಟ್ಟು ಮಾಡಿದ ಅಂಕಿಗಳಿವು. ನಿಮ್ಮದಕ್ಕೆ ನಿಮ್ಮ ಅಂಕಿ ಹಾಕಿಕೊಳ್ಳಿ. ತಿಂಗಳಿಗೆ 30 ದಿನ ಅಂದರೆ 16 ರೂಮಿಗೆ 480 ರೂಮ್ ನೈಟ್. ನಮ್ಮ ಹತ್ತಿರ ಮಾರುವುದಕ್ಕೆ ಇರುವ ಸರಕು ಅಷ್ಟೇ. ಇವತ್ತು ರಾತ್ರಿ ಹೋಗದ ರೂಮನ್ನು ನಾಳೆ ಮಾರುವ ಹಾಗಿಲ್ಲ. ತರಕಾರಿಯಾದರೂ ಒಂದು ದಿನ ತಡೆಯುತ್ತದೆ.

ಮೊದಲು ಕಾಯಂ ಖರ್ಚು. ಒಬ್ಬ ಗಿರಾಕಿಯೂ ಬರದಿದ್ದರೂ ಕೊಡಲೇಬೇಕಾದ ದುಡ್ಡು ಇದು. ಲೀಸ್ ಬಾಡಿಗೆ 90,000. ಮ್ಯಾನೇಜರ್, ಕೌಂಟರಿಗೆ ಇಬ್ಬರು, ರೂಮ್ ಬಾಯ್ ಮೂವರು, ಎಲ್ಲರ ಸಂಬಳ 84,000. ಕರೆಂಟಿನ ಫಿಕ್ಸೆಡ್ ಚಾರ್ಜು, ಕಾರಿಡಾರ್ ದೀಪ, ನೀರೆತ್ತುವ ಮೋಟಾರು ಸೇರಿ 8,000. ವೈಫೈ, ಕೇಬಲ್, ಫೋನು 4,000. ಲೈಸೆನ್ಸು, ಕಂದಾಯ, ಇನ್ಶೂರೆನ್ಸು, ಆಡಿಟರ್ ಫೀಸು ಇವೆಲ್ಲ ವರ್ಷಕ್ಕೊಮ್ಮೆ ಬರುತ್ತವೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,000.

ಇಲ್ಲಿಯವರೆಗೆ ಎಲ್ಲರೂ ಬರೆಯುತ್ತಾರೆ. ಮುಂದಿನ ಮೂರು ಸಾಲು ಬಹಳ ಜನ ಬರೆಯುವುದಿಲ್ಲ. ಒಂದು, ರಿಪೇರಿ ಮತ್ತು ಪೇಂಟಿಂಗಿಗೆ ಎತ್ತಿಡುವುದು, 12,000. ಎರಡು, ಹಾಸಿಗೆ, ಟಿವಿ, ಗೀಸರ್ ಸವೆಯುವುದು, 14,000. ಗೀಸರ್ ಹಾಳಾದ ತಿಂಗಳಿಗೆ ಆ ಖರ್ಚನ್ನೆಲ್ಲ ಹಾಕುತ್ತೇವೆ, ಅದು ನೀರು ಕಾಯಿಸಿದ ಐದು ವರ್ಷಕ್ಕೆ ಏನೂ ಹಾಕುವುದಿಲ್ಲ. ಮೂರು, ಮಾಲೀಕರ ಸಂಬಳ. ನೀವು ಬೆಳಿಗ್ಗೆಯಿಂದ ರಾತ್ರಿ ತನಕ ಕೌಂಟರಿನಲ್ಲಿ ಕೂರುತ್ತೀರಿ, ಅಲ್ವಾ? ಆ ಜಾಗಕ್ಕೆ ಇನ್ನೊಬ್ಬರನ್ನು ಇಟ್ಟರೆ ಪುಕ್ಕಟೆ ಕೂರುತ್ತಾರಾ? ಕಮ್ಮಿ ಅಂದರೂ 20,000 ಬರೆಯಿರಿ.

ಸ್ವಂತ ಕಟ್ಟಡ ಇರುವವರಿಗೆ ಇಲ್ಲೇ ಒಂದು ಮಾತು. "ನಮಗೆ ಬಾಡಿಗೆ ಇಲ್ಲ ಸಾರ್, ಅದಕ್ಕೇ ನಮ್ಮ ಅಸಲು ಕಮ್ಮಿ" ಅನ್ನುತ್ತಾರೆ. ಅದೇ ಕಟ್ಟಡವನ್ನು ಬೇರೆಯವರಿಗೆ ಕೊಟ್ಟಿದ್ದರೆ ತಿಂಗಳಿಗೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಲೆಕ್ಕದಲ್ಲಿ ಹಾಕಿ. ಇಲ್ಲದಿದ್ದರೆ ಅಪ್ಪ ಕಟ್ಟಿದ ಗೋಡೆಯ ಬಾಡಿಗೆಯನ್ನೇ ಲಾಡ್ಜಿನ ಲಾಭ ಅಂದುಕೊಂಡು ಖುಷಿಯಾಗಿರುತ್ತೀರಿ.

ಎಲ್ಲ ಕೂಡಿದರೆ ತಿಂಗಳಿಗೆ 2,40,000. ಇದನ್ನು 480ರಿಂದ ಭಾಗಿಸಿದರೆ 500 ರೂಪಾಯಿ. ಐನೂರು ಅಂದವರ ಉತ್ತರ ಬಂದದ್ದು ಇಲ್ಲಿಂದ. ಎಲ್ಲ ರೂಮೂ ಎಲ್ಲ ರಾತ್ರಿಯೂ ತುಂಬಿದ್ದರೆ ಒಂದೊಂದು ರೂಮಿನ ತಲೆಗೆ ಬೀಳುವ ಕಾಯಂ ಖರ್ಚು ಅದು. ಹಾಗೆ ತುಂಬಿದ ಲಾಡ್ಜನ್ನು ನಾನಂತೂ ನೋಡಿಲ್ಲ.

ಇನ್ನು ಗಿರಾಕಿ ಬಂದರೆ ಮಾತ್ರ ಆಗುವ ಖರ್ಚು. ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲು ಒಗೆಸಿದ್ದಕ್ಕೆ 80. ಬಟ್ಟೆ ಸವೆದದ್ದಕ್ಕೆ 20. ಸೋಪು, ಶಾಂಪೂ 20. ಕುಡಿಯುವ ನೀರಿನ ಬಾಟಲಿ, ಫಿನಾಯಿಲು 20. ಒಡೆದ ಬಕೆಟ್ಟು, ಸುಟ್ಟ ಬಲ್ಬು, ಗಿರಾಕಿ ಜೊತೆಗೇ ಊರಿಗೆ ಹೋದ ಟವೆಲ್ಲು, ಇವಕ್ಕೆ 20. ಕರೆಂಟಿಗೆ 40. ಇಬ್ಬರ ಸ್ನಾನದ ಬಿಸಿನೀರಿಗೆ ಸುಮಾರು ಎರಡು ಯೂನಿಟ್, ಫ್ಯಾನು, ಟಿವಿ, ದೀಪಕ್ಕೆ ಇನ್ನೊಂದೆರಡು. ಎಸಿ ಇದ್ದರೆ ಈ ಲೆಕ್ಕ ಬೇರೆ. ಒಂದೂವರೆ ಟನ್ನಿನ ಎಸಿ ರಾತ್ರಿಯಿಡೀ ಓಡಿದರೆ ಅದೊಂದೇ ಎಂಟು ಹತ್ತು ಯೂನಿಟ್ ತಿನ್ನುತ್ತದೆ. ನಮ್ಮ ನಾನ್ ಎಸಿ ರೂಮಿಗೆ ಒಟ್ಟು 200 ರೂಪಾಯಿ.

ಈ 200ರಲ್ಲಿ ಒಂದು ಸೂಕ್ಷ್ಮ ಇದೆ. ಒಗೆಯುವುದು, ಬಟ್ಟೆ ಸವೆತ, ಸೋಪು, ಈ 120 ರೂಪಾಯಿ ರಾತ್ರಿಗೆ ಆಗುವ ಖರ್ಚಲ್ಲ. ಗಿರಾಕಿ ಬದಲಾದಾಗ ಆಗುವ ಖರ್ಚು. ಹಂಪಿ ನೋಡಲು ಬಂದವರು ಮೂರು ರಾತ್ರಿ ಇದ್ದು ನಡುವೆ ಬಟ್ಟೆ ಬದಲಿಸದಿದ್ದರೆ 120 ಒಂದೇ ಸಲ, ಉಳಿದ 80 ಮೂರು ಸಲ. ಒಟ್ಟು 360. ಅಂದರೆ ರಾತ್ರಿಗೆ 120 ಮಾತ್ರ. ಮೂರು ರಾತ್ರಿ ಇರುವವರು ಸ್ವಲ್ಪ ಬಿಡಿ ಅಂತ ಕೇಳಿದರೆ 50 ರೂಪಾಯಿ ಬಿಡಲು ನಿಜವಾದ ಕಾರಣ ಇದೆ. ಇದರ ಉಲ್ಟಾ ಕೂಡ ಉಂಟು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಿಗ್ಗೆ ಇಳಿದು, ಸ್ನಾನಕ್ಕೆ ಮೂರು ಗಂಟೆ ರೂಮು ಕೇಳುತ್ತಾರಲ್ಲ, ಅವರು. ಅರ್ಧ ಬಾಡಿಗೆಗೆ ಕೊಡುತ್ತೀರಿ. ಆದರೆ ಒಗೆಯುವುದು ಅರ್ಧ ಆಗುವುದಿಲ್ಲ, ಬಿಸಿನೀರೂ ಅರ್ಧ ಆಗುವುದಿಲ್ಲ. ಅವರಿಗೂ ಹೆಚ್ಚುಕಮ್ಮಿ ಅದೇ 200.

ದೋಬಿ ಚೀಟಿಯ ಇನ್ನೊಂದು ಉಪಯೋಗ ಹೇಳಿ ಮುಂದೆ ಹೋಗುತ್ತೇನೆ. ಒಂದು ಲಾಡ್ಜಿನಲ್ಲಿ ರಿಜಿಸ್ಟರಿನ ಪ್ರಕಾರ ಆ ತಿಂಗಳು ಗಿರಾಕಿ ಬದಲಾದದ್ದು 210 ಸಲ. ಬೆಡ್‌ಶೀಟು ಒಗೆಯಲು ಹೋಗಿದ್ದು 262 ಜೊತೆ. ಮಕ್ಕಳು ಒದ್ದೆ ಮಾಡುತ್ತವೆ, ಸಾರು ಚೆಲ್ಲುತ್ತದೆ, ಹತ್ತು ಹದಿನೈದು ಜಾಸ್ತಿ ಇದ್ದರೆ ನಾನು ಕೇಳುತ್ತಿರಲಿಲ್ಲ. 52 ಜೊತೆ ಅಂದರೆ ಯಾವುದೋ ರೂಮು ರಿಜಿಸ್ಟರಿಗೆ ಬರದೇ ಹೋಗುತ್ತಿದೆ. ರಾತ್ರಿ ಪಾಳಿಯ ಹುಡುಗ ತಡವಾಗಿ ಬಂದವರಿಗೆ ರೂಮು ಕೊಟ್ಟು, ಬೆಳಿಗ್ಗೆ ಮಾಲೀಕರು ಬರುವುದರೊಳಗೆ ಕಳಿಸುತ್ತಿದ್ದ. ಖರ್ಚು ಲಾಡ್ಜಿನದು, ದುಡ್ಡು ಅವನದು. ಅಸಲಿನ ಲೆಕ್ಕ ಹಾಕುವ ಮೊದಲು ಎಷ್ಟು ರೂಮು ನಿಜವಾಗಿ ಹೋಯಿತು ಅನ್ನುವುದು ಗಟ್ಟಿ ಇರಬೇಕು. ಭಾಗಿಸುವ ಅಂಕಿಯೇ ತಪ್ಪಾದರೆ ಉತ್ತರವೂ ತಪ್ಪೇ.

ಈಗ ಎರಡು ತಿಂಗಳನ್ನು ಪಕ್ಕಪಕ್ಕ ಇಡೋಣ.

ಡಿಸೆಂಬರ್. ಶಾಲೆಗಳ ಟೂರು, ಕ್ರಿಸ್‌ಮಸ್ ರಜೆ, ಹಂಪಿಯಲ್ಲಿ ಬಿಸಿಲು ಹಿತವಾಗಿರುವ ಕಾಲ. 100ಕ್ಕೆ 85 ತುಂಬಿತು, ಅಂದರೆ 408 ರೂಮ್ ನೈಟ್. ಕಾಯಂ ಖರ್ಚು 2,40,000 ಭಾಗಿಸು 408, ಒಂದಕ್ಕೆ 588. ಅದಕ್ಕೆ 200 ಸೇರಿಸಿ, 788. ಎಂಟುನೂರು ಅಂದವರು ಡಿಸೆಂಬರಿನಲ್ಲಿ ಲೆಕ್ಕ ಹಾಕಿದ್ದಾರೆ.

ಮೇ. ಬಂಡೆಗಳು ಕಾದು ಹಂಪಿಯಲ್ಲಿ ಮಧ್ಯಾಹ್ನ ಕಾಲಿಡಲು ಆಗುವುದಿಲ್ಲ. 100ಕ್ಕೆ 30, ಅಂದರೆ 144 ರೂಮ್ ನೈಟ್. 2,40,000 ಭಾಗಿಸು 144, ಒಂದಕ್ಕೆ 1,667. ಅದಕ್ಕೆ 200 ಸೇರಿದರೆ 1,867.

ಅದೇ ರೂಮು, ಅದೇ ಹಾಸಿಗೆ, ಅದೇ ಹುಡುಗರು. ಒಂದು ತಿಂಗಳು 788, ಇನ್ನೊಂದು ತಿಂಗಳು 1,867. ಬಾಡಿಗೆ, ತೆರಿಗೆ ಬಿಟ್ಟು, 1,200 ಅಂತ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ 1,68,000 ಉಳಿಯುತ್ತದೆ, ಮೇ ತಿಂಗಳಲ್ಲಿ 96,000 ಕೈಯಿಂದ ಹೋಗುತ್ತದೆ.

ಮೇ ತಿಂಗಳ 1,867 ನೋಡಿ ಹೆದರಿದ ಒಬ್ಬ ಮಾಲೀಕರು ನನಗೆ ಗೊತ್ತು. ಅಸಲೇ ಹುಟ್ಟುತ್ತಿಲ್ಲ ಅಂತ ಬಾಡಿಗೆಯನ್ನು 1,500 ಮಾಡಿದರು. ಬರುವ ನಾಲ್ಕೈದು ಜನರಲ್ಲಿ ಇಬ್ಬರು ಎದುರಿನ ಲಾಡ್ಜಿಗೆ ಹೋದರು. ಮುಂದಿನ ತಿಂಗಳು ರೂಮು ಇನ್ನೂ ಕಮ್ಮಿ ಹೋಯಿತು, ಭಾಗಿಸಿದರೆ ಅಸಲು ಇನ್ನೂ ಮೇಲೆ. ಆಗ ಇನ್ನೂ ನೂರು ಏರಿಸಿದರು. ಅವರ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಆ 1,667 ಇದೆಯಲ್ಲ, ಅದು ಬಂದ ಗಿರಾಕಿ ಮಾಡಿಸಿದ ಖರ್ಚಲ್ಲ, ಬಾರದ ಗಿರಾಕಿಗಳ ಖರ್ಚು. ಖಾಲಿ ಇದ್ದ ಹನ್ನೊಂದು ರೂಮಿನ ಬಾಡಿಗೆಯನ್ನು ತುಂಬಿದ ಐದು ರೂಮಿನವರಿಂದ ವಸೂಲಿ ಮಾಡಲು ಹೊರಟಿದ್ದರು ಅವರು. ಗಿರಾಕಿ ಯಾಕೆ ಕೊಡುತ್ತಾನೆ?

ಡಿಸೆಂಬರಿನ ಅಂಕಿ ನೋಡಿ ಮೋಸ ಹೋಗುವವರೂ ಇದ್ದಾರೆ. ಅಸಲು 788 ತಾನೆ, 900ಕ್ಕೆ ಕೊಟ್ಟರೂ ಲಾಭ ಅಂತ ವರ್ಷಪೂರ್ತಿಗೆ ಒಪ್ಪಿಕೊಂಡು ಕೂರುತ್ತಾರೆ.

ಹಾಗಾದರೆ ತಿಂಗಳ ಅಂಕಿಯನ್ನು ನಂಬುವ ಹಾಗಿಲ್ಲ. ವರ್ಷದ್ದು ಹಾಕಿ. ನಮ್ಮ ಲಾಡ್ಜಿನಲ್ಲಿ ಸೀಸನ್, ಬೇಸಿಗೆ, ಆಮೇಲೆ ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮ್ ತುಂಬಿ ನೀರು ಬಿಟ್ಟಾಗ ಬರುವ ಜನ, ಎಲ್ಲ ಸೇರಿ ವರ್ಷಕ್ಕೆ 3,200 ರೂಮ್ ನೈಟ್ ಹೋಗುತ್ತದೆ. ಕಾಯಂ ಖರ್ಚು ವರ್ಷಕ್ಕೆ 28,80,000. ಭಾಗಿಸಿದರೆ 900, ಜೊತೆಗೆ 200, ಒಟ್ಟು 1,100. ವರ್ಷದ ಸರಾಸರಿ ಬಾಡಿಗೆ ಇದಕ್ಕಿಂತ ಮೇಲಿರಬೇಕು. ಒಂದೊಂದು ರಾತ್ರಿಯೂ ಮೇಲಿರಬೇಕು ಅಂತಲ್ಲ, ಸರಾಸರಿ. 1,200ಕ್ಕೆ ಹೋದರೆ ರೂಮಿಗೆ 100 ಉಳಿಯಿತು, ವರ್ಷಕ್ಕೆ 3,20,000.

ಇದು ಎಷ್ಟು ತೆಳು ನೋಡಿ. ಆ 3,200ರಲ್ಲಿ 1,000 ಬುಕಿಂಗ್ ಆ್ಯಪಿನಿಂದ ಬಂದು, 100ಕ್ಕೆ 20 ಕಮಿಷನ್ ಹೋದರೆ ರೂಮಿಗೆ 240 ಹೋಯಿತು. ಒಟ್ಟು 2,40,000. ಉಳಿದದ್ದು 80,000. ಆ್ಯಪ್ ಬೇಡ ಅನ್ನುತ್ತಿಲ್ಲ. ಖಾಲಿ ಇರುತ್ತಿದ್ದ ರೂಮನ್ನು ಅದು ತುಂಬಿಸಿದರೆ 960 ಕೈಗೆ ಬಂತು, 200 ಖರ್ಚು, ಒಳ್ಳೆಯದೇ. ಆದರೆ ಲಾಂಗ್ ವೀಕೆಂಡಿನಲ್ಲಿ ಹೇಗಿದ್ದರೂ ಬಾಗಿಲಿಗೆ ಬರುವವರು ಆ್ಯಪಿನ ಮೂಲಕ ಬಂದರೆ ಆ 240 ಸುಮ್ನೆ ಕೊಟ್ಟ ಹಾಗೆ. ಅಂಥ ದಿನಗಳಿಗೆ ಆ್ಯಪಿನಲ್ಲಿ ಎರಡು ಮೂರು ರೂಮು ಮಾತ್ರ ತೆರೆದಿಡಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಟ್ರಾವೆಲ್ಸಿನವರೊಬ್ಬರು ಬಂದು ಕೇಳುತ್ತಾರೆ: "ಅಣ್ಣಾ, ದಿನಾ ಆರು ರೂಮು ನಾನು ತಗೋತೀನಿ, ರೂಮಿಗೆ 700 ಮಾಡಿಕೊಡಿ." ವರ್ಷದ ಅಸಲು 1,100. 700ಕ್ಕೆ ಕೊಡುವುದಾ?

ಮೇ ತಿಂಗಳಿಗೆ ನೋಡಿ. ದಿನಕ್ಕೆ ಹನ್ನೊಂದು ರೂಮು ಖಾಲಿ. ಆರು ಕೊಟ್ಟರೆ ಹೊಸದಾಗಿ ಆಗುವ ಖರ್ಚು ರೂಮಿಗೆ 200 ಅಷ್ಟೇ, 500 ಕೈಗೆ ಬರುತ್ತದೆ. ಆರು ರೂಮು, 30 ದಿನ, 90,000 ರೂಪಾಯಿ. 96,000 ಇದ್ದ ನಷ್ಟ 6,000ಕ್ಕೆ ಇಳಿಯಿತು. 1,100 ಅಸಲು ಅಂತ ಹಟ ಹಿಡಿದಿದ್ದರೆ ಈ 90,000 ಬರುತ್ತಿರಲಿಲ್ಲ.

ಅದೇ ಕರಾರನ್ನು ಡಿಸೆಂಬರಿಗೆ ಇಡಿ. ಆಗ ಖಾಲಿ ಇರುವುದು ದಿನಕ್ಕೆ ಸರಾಸರಿ 2.4 ರೂಮು. ಆರು ಕೊಡಬೇಕಾದರೆ 1,200 ಕೊಡುವ 3.6 ರೂಮಿನ ಗಿರಾಕಿಗಳನ್ನು ವಾಪಸ್ ಕಳಿಸಬೇಕು. ಟ್ರಾವೆಲ್ಸಿನಿಂದ ಬಂದದ್ದು ಅದೇ 90,000. ವಾಪಸ್ ಹೋದವರಿಂದ ಕಳೆದುಕೊಂಡದ್ದು 3.6 ಗುಣಿಸು 30 ಗುಣಿಸು 1,000, ಅಂದರೆ 1,08,000. ಲಾಡ್ಜು ಪೂರ್ತಿ ತುಂಬಿದೆ, ಹೊರಗೆ ಹೌಸ್ ಫುಲ್ ಬೋರ್ಡು ಬೇರೆ, ಆದರೂ 18,000 ಕಮ್ಮಿ. ತುಂಬಿದ ತಿಂಗಳಲ್ಲಿ ಒಂದು ರೂಮಿನ ನಿಜವಾದ ಖರ್ಚು 200 ಅಲ್ಲ, 200ರ ಜೊತೆ ವಾಪಸ್ ಕಳಿಸಿದ ಗಿರಾಕಿಯಿಂದ ಉಳಿಯುತ್ತಿದ್ದ ಸಾವಿರ. ಇದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ಯಾಕೆಂದರೆ ಬಾರದ ದುಡ್ಡಿಗೆ ಬಿಲ್ಲು ಇರುವುದಿಲ್ಲ.

ಹಾಗಾಗಿ ಕರಾರು ಮಾಡಿಕೊಳ್ಳಿ, ಆದರೆ ತಿಂಗಳ ಹೆಸರು ಹಾಕಿ ಮಾಡಿಕೊಳ್ಳಿ. ಏಪ್ರಿಲ್, ಮೇ, ಜೂನ್ ಅಂತ ಬರೆಯಿರಿ. ಶನಿವಾರ ಮತ್ತು ಹಬ್ಬದ ರಜೆ ಹೊರಗಿಡಿ.

ಮೇ ತಿಂಗಳಲ್ಲೂ ಒಂದು ಅಪಾಯ ಇದೆ. 700 ಅನ್ನುವ ಮಾತು ಕೌಂಟರಿಗೆ ಬಂದರೆ? ನಿಮ್ಮ ಹಳೇ ಗಿರಾಕಿ, ತಿಂಗಳಿಗೆರಡು ಸಲ ಬರುವ ಬೀಜದ ಕಂಪನಿಯ ರೆಪ್ರೆಸೆಂಟೇಟಿವ್, "ಏನ್ ಸಾರ್, ಟ್ರಾವೆಲ್ಸಿನವರಿಗೆ ಏಳುನೂರಂತೆ, ನನಗೆ ಹನ್ನೆರಡು ನೂರಾ?" ಅನ್ನುತ್ತಾನೆ. 1,200 ಕೊಡುತ್ತಿದ್ದ ಆ 144 ರೂಮ್ ನೈಟೂ 700ಕ್ಕೆ ಇಳಿದರೆ 72,000 ಹೋಯಿತು. ಬಂದ 90,000ದಲ್ಲಿ ಉಳಿದದ್ದು 18,000. ಆರು ರೂಮಿನ ಗಲಾಟೆಗೆ, ಸವೆತಕ್ಕೆ ಅದು ಸಾಲದು. ಅದಕ್ಕೇ ಕಮ್ಮಿ ರೇಟಿಗೆ ಏನಾದರೂ ಒಂದು ಬೇಲಿ ಇರಬೇಕು. ಕಮ್ಮಿ ಅಂದರೆ ಆರು ರೂಮು ಒಟ್ಟಿಗೆ, ಮುಂಗಡ ದುಡ್ಡು, ಎರಡನೇ ಮಹಡಿ, ದಿನಾ ಬಟ್ಟೆ ಬದಲಿಸುವುದಿಲ್ಲ. ಆಗ ಹಳೇ ಗಿರಾಕಿಗೆ ಹೇಳಲು ಒಂದು ಉತ್ತರ ಇರುತ್ತದೆ.

ತೆರಿಗೆಯದು ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಅದು ಕದ್ದು ಬಂದು ಅಸಲಿಗೆ ಸೇರಿಕೊಂಡಿದೆ. 2025ರ ಸೆಪ್ಟೆಂಬರ್ 22ರಿಂದ 7,500ರ ಒಳಗಿನ ರೂಮಿಗೆ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ಗಿರಾಕಿಗೆ ಖುಷಿ. ಆದರೆ ನಾವು ಕೊಂಡದ್ದರ ಮೇಲೆ ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳುವ ಹಾಗಿಲ್ಲ. ನಮ್ಮ ಲಾಡ್ಜಿನ ವಹಿವಾಟು ವರ್ಷಕ್ಕೆ 38 ಲಕ್ಷ, 20 ಲಕ್ಷದ ಮೇಲಿದೆ, ಹಾಗಾಗಿ ನೋಂದಣಿ ಇದೆ. ಕಟ್ಟಡದ ಬಾಡಿಗೆಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಕಟ್ಟಡದ ಮಾಲೀಕರಿಗೆ ನೋಂದಣಿ ಇಲ್ಲದಿದ್ದರೂ 2024ರ ಅಕ್ಟೋಬರ್ 10ರಿಂದ ಅದನ್ನು ಬಾಡಿಗೆದಾರರಾದ ನಾವೇ ಕಟ್ಟಬೇಕು. 90,000ಕ್ಕೆ 16,200. ಮೊದಲು ಅದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಮುರಿದುಕೊಳ್ಳುವ ದುಡ್ಡು. ಈಗ ಪೂರ್ತಿ ಖರ್ಚು. ವರ್ಷಕ್ಕೆ 1,94,400, ರೂಮಿಗೆ ಹೆಚ್ಚುಕಮ್ಮಿ 61 ರೂಪಾಯಿ. ನೂರು ಉಳಿಯುತ್ತಿತ್ತು ಅಂದೆನಲ್ಲ, ಅದರಲ್ಲಿ 39 ಉಳಿಯಿತು.

ಬಾಡಿಗೆ 1,265 ಮಾಡಿದರೆ ಅದು ತುಂಬಿಕೊಳ್ಳುತ್ತದೆ. 5 ಪರ್ಸೆಂಟ್ ಸೇರಿ ಗಿರಾಕಿ ಕೊಡುವುದು 1,328. ಮೊದಲು 1,200ಕ್ಕೆ 12 ಪರ್ಸೆಂಟ್ ಸೇರಿ 1,344 ಕೊಡುತ್ತಿದ್ದ. ಅವನಿಗೂ ಕಮ್ಮಿಯೇ ಆಯಿತು. ತೆರಿಗೆ ಇಳಿಯಿತಲ್ಲ ಅಂತ ಬೋರ್ಡಿನ ರೇಟನ್ನೂ ಇಳಿಸಿದವರು ಇವತ್ತೇ ಆಡಿಟರ್ ಹತ್ತಿರ ಕೂತು ಲೀಸ್ ಕಾಗದ ತೆಗೆದು ನೋಡಿ.

ಕೊನೆಗೆ ಇಲ್ಲಿ ಮುಂದೆ ಕೂತ ಹಿರಿಯರು ಕೇಳಿದರು: ಮೇ ತಿಂಗಳಲ್ಲಿ ಇಷ್ಟು ನಷ್ಟ ಆದರೆ ಬೀಗ ಹಾಕಿಕೊಂಡು ಊರಿಗೆ ಹೋಗಬಾರದೇಕೆ? ಬೀಗ ಹಾಕಿದರೆ ಉಳಿಯುವುದು 144 ರೂಮ್ ನೈಟಿನ 200, ಅಂದರೆ 28,800. ನಿಂತುಹೋಗುವ ಬಾಡಿಗೆ 1,72,800. 96,000 ಇದ್ದ ನಷ್ಟ 2,40,000 ಆಗುತ್ತದೆ. ಹುಡುಗರಿಗೆ ಸಂಬಳ ಇಲ್ಲದೆ ರಜೆ ಕೊಟ್ಟರೆ ಆ ಅಂಕಿ ಸ್ವಲ್ಪ ಇಳಿಯುತ್ತದೆ ನಿಜ. ಆದರೆ ಹಾಗೆ ಕಳಿಸಿದ ರೂಮ್ ಬಾಯ್ ಬೆಂಗಳೂರು ಸೇರಿದರೆ ದಸರಾಕ್ಕೆ ವಾಪಸ್ ಬರುವುದಿಲ್ಲ. ಆಗ ಮಧ್ಯಾಹ್ನ ಎರಡಾದರೂ ರೂಮು ಕ್ಲೀನಾಗಿರುವುದಿಲ್ಲ, ಗಿರಾಕಿ ಕಾರಿಡಾರಿನಲ್ಲಿ ಬ್ಯಾಗ್ ಮೇಲೆ ಕೂತಿರುತ್ತಾನೆ. ನಾನಾದರೆ ಮೇಲಿನ ಮಹಡಿಯನ್ನು ಮಾತ್ರ ಮುಚ್ಚುತ್ತೇನೆ. ಅಲ್ಲಿನ ದೀಪ ಆರಿಸಿ, ಅದೇ ಹುಡುಗರ ಕೈಯಲ್ಲಿ ಗೋಡೆ ಕೆರೆಸಿ, ಸುಣ್ಣ ಬಣ್ಣ ಮಾಡಿಸುತ್ತೇನೆ. ಎತ್ತಿಟ್ಟ 12,000 ಇದೆಯಲ್ಲ, ಅದು ಇದಕ್ಕೇ. ಜೂನಿನ ಮೊದಲ ಮಳೆಗೆ ಟೆರೇಸ್ ಎಲ್ಲಿ ಸೋರುತ್ತದೆ ಅಂತಲೂ ಗೊತ್ತಾಗುತ್ತದೆ.